ವಿಶಾಲಾಕ್ಷಿ ಮೇಡಂ ಬರೆದ ಒಂದು ಪುಟ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ವಿಶಾಲಾಕ್ಷಿ ಮೇಡಂ ತಂಗಡಿ ಎಂಬ ಆವರಿಕೆ ಗಿಡದ ಒಣಗಿದ ಕೊಂಬೆಯೊಂದನ್ನು ದಪ್ಪ ಬಿಳಿ ಹಾಳೆಯ ಮೇಲೆ ಅಂಟಿಸುತ್ತಿದ್ದರು. ನಾಲ್ಕು ಎಲೆಗಳನ್ನು ಮೇಲ್ಮುಖವಾಗಿ ಇಟ್ಟು, ಐದನೆಯದನ್ನು ಚಿಮಟದಿಂದ ಹಿಡಿದು ಮಗುಚಿ ಹಾಕಿದರು. ಸಸ್ಯಶಾಸ್ತ್ರದವರ ಪದ್ಧತಿಯೇ ಹಾಗೆ. ಒಮ್ಮೆ ಅಂಟಿಸಿದ ಗಿಡವನ್ನು ಮತ್ತೆ ಎತ್ತಿ ನೋಡಲು ಬರುವುದಿಲ್ಲ. ಆದ್ದರಿಂದ ಒಂದು ಎಲೆಯನ್ನಾದರೂ ಬೆನ್ನು ಮೇಲಾಗಿ ಅಂಟಿಸಬೇಕು. ಇಪ್ಪತ್ತನಾಲ್ಕು ವರ್ಷಗಳಿಂದ ಅವರು ಹುಡುಗಿಯರಿಗೆ ಕಲಿಸಿದ್ದು ಮುಖ್ಯವಾಗಿ ಎರಡು ಮಾತು. ಒಂದು, ಎಲೆಯ ಬೆನ್ನು ನೋಡದೆ ಗಿಡದ ಹೆಸರು ಹೇಳಬೇಡಿ. ಎರಡು, ಎಲ್ಲಿ ಸಿಕ್ಕಿತು ಎಂದು ಚೀಟಿ ಬರೆಯದ ಗಿಡ ಕಸಕ್ಕೆ ಸಮ.

ಗೋಂದು ಆರುವ ಮೊದಲೇ ಅಟೆಂಡರ್ ಬಂಡೆಮ್ಮ ಬಾಗಿಲಲ್ಲಿ ನಿಂತು, ಪ್ರಿನ್ಸಿಪಾಲ್ ಸಾಹೇಬರು ಕರೆಯುತ್ತಿದ್ದಾರೆಂದಳು. ಮುಖ ನೋಡಿದರೆ ಒಳ್ಳೆಯ ಸುದ್ದಿ ಇದ್ದಂತಿರಲಿಲ್ಲ.

ಅಬಿಡ್ಸ್‌ನ ಹಿಂಬದಿಯ ಓಣಿಯಲ್ಲಿದ್ದ ಆ ಹುಡುಗಿಯರ ಪದವಿ ಕಾಲೇಜನ್ನು ಕಟ್ಟಿದವರು ಕಲಬುರಗಿ, ಬೀದರ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆ ನಿಂತ ವ್ಯಾಪಾರಿಗಳು. ವಿಶಾಲಾಕ್ಷಿ ಮೇಡಂ ಕೂಡ ಕಲಬುರಗಿಯವರೇ. ಕೂಕಟ್‌ಪಲ್ಲಿಯ ಬಾಡಿಗೆ ಫ್ಲಾಟಿನಿಂದ ದಿನಾ ಬಸ್ಸಿನಲ್ಲಿ ಬಂದು, ಕಂಡಕ್ಟರನ ಜತೆ ತೆಲುಗಿನಲ್ಲಿ, ಚಹಾದವನ ಜತೆ ಹಿಂದಿಯಲ್ಲಿ, ಗಿಡಗಳ ಜತೆ ಲ್ಯಾಟಿನ್‌ನಲ್ಲಿ ಮಾತಾಡುತ್ತಿದ್ದರು. ಅವರದು ಇಬ್ಬರು ಉಪನ್ಯಾಸಕರ ಸಸ್ಯಶಾಸ್ತ್ರ ವಿಭಾಗ. ಅದಕ್ಕೊಂದು ಉದ್ದನೆಯ, ಗಾಳಿ ಬೆಳಕಿನ ಪ್ರಯೋಗಶಾಲೆ. ಕಾಲೇಜಿನಲ್ಲಿ ಅದಕ್ಕಿಂತ ಒಳ್ಳೆಯ ಕೋಣೆ ಇರಲಿಲ್ಲ. ತೊಂದರೆ ಹುಟ್ಟಿದ್ದೇ ಅಲ್ಲಿ.

ಅವು ಊರಿಗೆ ಊರೇ ಕಂಪ್ಯೂಟರಿನ ಹಿಂದೆ ಬಿದ್ದ ವರ್ಷಗಳು. ಹೈಟೆಕ್ ಸಿಟಿಯಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಮಣಿಕೊಂಡದ ಬಂಡೆಗಳ ನಡುವೆ ನಿವೇಶನ ಕೊಂಡವರು ಬುದ್ಧಿವಂತರೆನಿಸಿಕೊಂಡಿದ್ದರು. ಕಾಲೇಜಿಗೆ ಸೇರಲು ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಕಂಪ್ಯೂಟರ್ ವಿಭಾಗವನ್ನೇ. ಸಸ್ಯಶಾಸ್ತ್ರಕ್ಕೆ ಆ ವರ್ಷ ಬಂದವರು ಹದಿನಾರು ಮಂದಿ. ಅದರಲ್ಲಿ ಮೂವರು ದಾರಿ ತಪ್ಪಿ ಬಂದವರೆಂದು ಸಹೋದ್ಯೋಗಿಗಳು ಹೇಳಿ ನಗುತ್ತಿದ್ದರು.

ಪ್ರಿನ್ಸಿಪಾಲ್ ಉಪೇಂದ್ರರಾಯರು ರಾಯಚೂರಿನವರು. ಯಾರಿಗೂ ನೇರವಾಗಿ ಬೇಡವೆನ್ನದೆ, ಬೇಡವೆನ್ನುವ ಕೆಲಸವನ್ನು ಬೇರೆಯವರಿಂದ ಮಾಡಿಸುವುದರಲ್ಲಿ ಪಳಗಿದವರು. ಅವರು ಒಂದು ಸಿ.ಡಿ.ಯನ್ನು ಮೇಜಿನ ಮೇಲೆ ಸರಿಸಿ ವಿಷಯ ತಿಳಿಸಿದರು. ಪದವಿ ಕಾಲೇಜುಗಳನ್ನು ಹೇಗೆ ಸುಧಾರಿಸಬೇಕೆಂದು ತಜ್ಞರ ತಂಡವೊಂದು ಬರೆದ ಮುನ್ನೂರ ಹನ್ನೆರಡು ಪುಟಗಳ ವರದಿ ಬಂದಿದೆ. ಪಕ್ಕದ ಕಾಲೇಜಿನಿಂದ ಎರವಲು ತಂದು ಸ್ಕ್ಯಾನ್ ಮಾಡಿಸಿ ಸಮಿತಿಯ ಎಲ್ಲರಿಗೂ ಹಂಚಿದ್ದೂ ಆಗಿದೆ. ಬರುವ ಬುಧವಾರ ಕಾಲೇಜು ಸಮಿತಿ ಸೇರಿ, ಸಸ್ಯಶಾಸ್ತ್ರ ವಿಭಾಗವನ್ನು ಮುಚ್ಚಿ ಆ ಕೋಣೆಯನ್ನು ಕಂಪ್ಯೂಟರಿಗೆ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುತ್ತದೆ. ಅದಕ್ಕೆ ವರದಿಯ ಸಾರವನ್ನು ಒಂದು ಪುಟದ ಟಿಪ್ಪಣಿಯಾಗಿ ವಿಶಾಲಾಕ್ಷಿ ಮೇಡಂ ಬರೆಯಬೇಕು.

ಮೇಡಂ ಸಿ.ಡಿ.ಯನ್ನು ಕೈಗೆತ್ತಿಕೊಂಡರು.

"ಸರ್, ಮುಚ್ಚೋದು ನನ್ನ ವಿಭಾಗ. ಟಿಪ್ಪಣಿ ನಾನs ಬರೀಬೇಕೇನ್ರಿ?"

"ನೀವು ಬರದ್ರ ಯಾರೂ ತಕರಾರ ತೆಗಿಯಂಗಿಲ್ಲ ನೋಡ್ರಿ," ಎಂದರು ಉಪೇಂದ್ರರಾಯರು, ತುಂಬ ಪ್ರೀತಿಯಿಂದ. "ನಿಮ್ಮಷ್ಟು ಕರಾರುವಾಕ್ಕಾಗಿ ಬರಿಯೋರು ನಮ್ಮಲ್ಲಿ ಯಾರದಾರ? ಆದ್ರ ಒಂದs ಪುಟ. ಸಿದ್ದರಾಮಪ್ಪನವರು ಎರಡನೇ ಪುಟ ಮುಟ್ಟೂದಿಲ್ಲ."

ಸಿದ್ದರಾಮಪ್ಪನವರೆಂದರೆ ಆಡಳಿತ ಮಂಡಳಿಯ ಕಾರ್ಯದರ್ಶಿ, ಬೇಗಂ ಬಜಾರಿನಲ್ಲಿ ಬೇಳೆ ವ್ಯಾಪಾರಿ. ಸಮಿತಿಯಲ್ಲಿ ಕೊನೆಯ ಮಾತು ಅವರದು.

ಮೇಡಂ ಸಿ.ಡಿ.ಯನ್ನು ಸೆರಗಿನಲ್ಲಿ ಒರೆಸಿ ಕೈಚೀಲಕ್ಕೆ ಹಾಕಿಕೊಂಡರು. ತನ್ನನ್ನು ನೇಣಿಗೆ ಹಾಕುವ ಹಗ್ಗವನ್ನು ತನ್ನಿಂದಲೇ ಹೊಸೆಯಿಸುತ್ತಿದ್ದಾರೆಂದು ಅವರಿಗೆ ಗೊತ್ತಾಗಿತ್ತು. ಆದರೆ ಹೊಸೆಯುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ಅವರ ಸ್ವಭಾವವಾಗಿತ್ತು.

ಮರುದಿನ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತು ಓದತೊಡಗಿದರು. ಅಚ್ಚಾದ ಪುಟದ ಚಿತ್ರಗಳವು. ಪದ ಕೊಟ್ಟು ಹುಡುಕಲು ಬರುತ್ತಿರಲಿಲ್ಲ, ಪುಟ ಪುಟವಾಗಿಯೇ ಓದಬೇಕು. ಕೆಲವು ಓರೆಯಾಗಿದ್ದವು, ಅವಕ್ಕೆ ಮೇಡಂ ಕುತ್ತಿಗೆ ವಾಲಿಸಿದರು. ವಾಕ್ಯಗಳು ಮಾತ್ರ ವಿಚಿತ್ರವಾಗಿದ್ದವು. ಗ್ರಾಮೀಣ ಕಾಲೇಜುಗಳ ಶೌಚಾಲಯದಿಂದ ಹೊರಟ ವಾಕ್ಯ ಮುಂದಿನ ಪುಟದ ತಲೆಯಲ್ಲಿ ಪರೀಕ್ಷಾ ಶುಲ್ಕದಲ್ಲಿ ಮುಗಿಯುತ್ತಿತ್ತು. ತಜ್ಞರು ಬರೆಯುವುದೇ ಹೀಗಿರಬೇಕೆಂದು ಅವರು ಸುಮ್ಮನೆ ಮುಂದುವರಿದರು. ಮಧ್ಯಾಹ್ನದ ಬೆಲ್ ಹೊಡೆಯುವ ಹೊತ್ತಿಗೆ ಅವರ ಟಿಪ್ಪಣಿಗೆ ಬೇಕಾದ ವಾಕ್ಯವೂ ಸಿಕ್ಕಿತು. ಮೂರು ವರ್ಷ ಸತತವಾಗಿ ಇಪ್ಪತ್ತಕ್ಕಿಂತ ಕಡಿಮೆ ಮಂದಿ ಸೇರಿದ ವಿಭಾಗವನ್ನು ಮುಚ್ಚಿ, ಅದರ ಕೋಣೆ ಮತ್ತು ಸಾಮಗ್ರಿಗಳನ್ನು ಬೇಡಿಕೆಯಿರುವ ಕೋರ್ಸಿಗೆ ಕೊಡಬೇಕು. ಹದಿನೇಳು, ಹದಿನಾಲ್ಕು, ಹದಿನಾರು: ಅವರ ಮೂರು ವರ್ಷದ ಲೆಕ್ಕ. ಸಂಶಯಕ್ಕೆ ಜಾಗವೇ ಇರಲಿಲ್ಲ.

ಚೀಟಿಯಿಲ್ಲದ ಗಿಡ ಕಸಕ್ಕೆ ಸಮ. ಆದ್ದರಿಂದ ಆ ವಾಕ್ಯದ ಮುಂದೆ ಪುಟ ಸಂಖ್ಯೆ ಬರೆಯಲು ತೆರೆಯ ಕೆಳಗಂಚು ನೋಡಿದರು: ನೂರ ಎಂಬತ್ತೇಳು. ಅದರ ಹಿಂದೆ ಗುರುತು ಮಾಡಿಕೊಂಡಿದ್ದು ನೂರ ಎಂಬತ್ತೈದು. ಅದಕ್ಕೂ ಮುಂಚಿನದು ನೂರ ಎಂಬತ್ತಮೂರು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಡೀ ವರದಿಯಲ್ಲಿ ಒಂದೇ ಒಂದು ಸಮಸಂಖ್ಯೆಯ ಪುಟ ಇರಲಿಲ್ಲ. ಶೌಚಾಲಯ ಪರೀಕ್ಷಾ ಶುಲ್ಕಕ್ಕೆ ತಲುಪಿದ್ದು ಹೇಗೆಂದು ಆಗ ಗೊತ್ತಾಯಿತು. ಅರ್ಧ ದಿನ ಅದನ್ನು ಓದಿಯೂ ತನಗೆ ಹೊಳೆಯಲಿಲ್ಲವಲ್ಲ ಎಂದು ನಗು ಬಂತು. ಗ್ರಂಥಾಲಯವಾದ್ದರಿಂದ ಸದ್ದಿಲ್ಲದೆ ನಕ್ಕರು.

ಸ್ಕ್ಯಾನ್ ಮಾಡಿದವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಚಂದ್ರಹಾಸ. ಕುಂದಾಪುರದ ಕಡೆಯ ಹುಡುಗ, ಮೂವತ್ತೊಂದು ವರ್ಷ, ಚುರುಕು, ಕೆಟ್ಟವನಲ್ಲ. ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಹೊಸ ಸ್ಕ್ಯಾನರ್ ಅವರ ವಿಭಾಗಕ್ಕೆ ಬಂದು ವಾರವಾಗಿತ್ತು. ಅದನ್ನು ತೋರಿಸದೆ ಯಾರನ್ನೂ ಕಳಿಸುತ್ತಿರಲಿಲ್ಲ. ಮೇಡಂ ಹೋಗಿ, ವರದಿಯನ್ನು ಹೇಗೆ ಮಾಡಿದಿರೆಂದು ವಿಚಾರಿಸಿದರು. ಸುರುಳಿ ಬೈಂಡಿಂಗ್ ಬಿಚ್ಚಿದ್ದು, ಹಾಳೆಗಳನ್ನು ಕಟ್ಟು ಕಟ್ಟಾಗಿ ತಟ್ಟೆಯಲ್ಲಿಟ್ಟದ್ದು, ಚಹಾ ಮುಗಿಯುವಷ್ಟರಲ್ಲಿ ಎಲ್ಲ ಮುಗಿದದ್ದು, ಮರುದಿನವೇ ಬೈಂಡಿಂಗ್ ಮತ್ತೆ ಹಾಕಿಸಿ ಹಿಂತಿರುಗಿಸಿದ್ದು, ಎಲ್ಲವನ್ನೂ ಅವರು ಉತ್ಸಾಹದಿಂದ ಹೇಳಿದರು.

ಆ ಯಂತ್ರ ಹಾಳೆಯ ಒಂದು ಮುಖವನ್ನಷ್ಟೇ ನೋಡುವಂಥದು. ಎರಡೂ ಮುಖ ಬೇಕೆಂದರೆ ಕಟ್ಟನ್ನು ಮಗುಚಿ ಇನ್ನೊಮ್ಮೆ ಹಾಯಿಸಬೇಕು. ಚಂದ್ರಹಾಸ ಮಗುಚಿರಲಿಲ್ಲ.

"ಎಲ್ಲಾ ಪುಟ ಬಂದಾವೇನ್ರಿ? ತಗದು ನೋಡೀರಿ?" ಎಂದು ಮೇಡಂ ಕೇಳಿದರು.

"ಎಂತ ನೋಡ್ಲಿಕ್ಕುಂಟು ಮೇಡಂ? ಮೆಷಿನ್ ಅಲ್ವಾ, ಮನುಷ್ಯರ ಹಾಗೆ ಮರೆಯುದಿಲ್ಲ," ಎಂದು ಚಂದ್ರಹಾಸ ನಕ್ಕರು. "ನಾನು ಫುಲ್ ಓದಿ ಆಯ್ತು. ನಿಮಗೆ ಬೇಜಾರಾಗ್ತದೆ, ಆದ್ರೆ ನೂರೆಂಬತ್ತೇಳನೇ ಪುಟ ನೋಡಿ, ಅದ್ರಲ್ಲಿ ಎಲ್ಲಾ ಉಂಟು."

ಆ 'ಫುಲ್ ಓದಿ ಆಯ್ತು' ಎಂಬ ಮಾತು ಬಾರದಿದ್ದರೆ ಮೇಡಂ ಅಲ್ಲೇ ಹೇಳಿಬಿಡುತ್ತಿದ್ದರೇನೋ. ಈಗ ಅವರ ಬಾಯಿಗೆ ಬಂದ ಮಾತು ಹಲ್ಲಿನ ಹಿಂದೆ ನಿಂತುಕೊಂಡಿತು. ಹೇಳಬೇಕಾದ್ದನ್ನು ಟಿಪ್ಪಣಿಯಲ್ಲೇ ಹೇಳಿದರಾಯಿತು ಎಂದುಕೊಂಡರು. ಟಿಪ್ಪಣಿ ಇರುವುದೇ ಅದಕ್ಕಲ್ಲವೇ?

ದಾರಿಯಲ್ಲಿ ಇಂಗ್ಲಿಷ್ ವಿಭಾಗದ ಅಹಲ್ಯಾ ಸಿಕ್ಕರು. ಅವರೂ ಸಮಿತಿಯ ಸದಸ್ಯೆ. ವರದಿ ಹೇಗಿದೆಯೆಂದು ಮೇಡಂ ಸುಮ್ಮನೆ ಕೇಳಿದರು. ವಿಷಯ ಒಣ ಆದರೂ ಭಾಷೆಯ ಓಟ ತುಂಬ ಚೆನ್ನಾಗಿದೆ, ಒಂದು ಪುಟದಿಂದ ಮುಂದಿನದಕ್ಕೆ ನೀರು ಹರಿದಂತೆ ಹರಿಯುತ್ತದೆ ಎಂದು ಅಹಲ್ಯಾ ಹೊಗಳಿದರು. ಮೇಡಂ ಹೌದೆಂದು ತಲೆಯಾಡಿಸಿ ಬೇಗ ಬೇಗ ಮೆಟ್ಟಿಲಿಳಿದರು. ಇನ್ನು ಎರಡು ನಿಮಿಷ ನಿಂತಿದ್ದರೆ ಮುಖದ ಮೇಲೆ ಹಿಡಿತ ತಪ್ಪುತ್ತಿತ್ತು.

ಶನಿವಾರ ಮಧ್ಯಾಹ್ನ ವರದಿಯ ಮೂಲ ಪ್ರತಿಯಿದ್ದ ಕಾಲೇಜಿಗೆ ಹೋದರು. ಅಲ್ಲಿನ ಗ್ರಂಥಪಾಲಕಿ ಯಮುನಾಬಾಯಿ ಭಾಲ್ಕಿಯವರು, ಕಟ್ಟುನಿಟ್ಟಿನ ಹೆಂಗಸು. ಪುಸ್ತಕ ಹೊರಗೆ ಹೋಗುವುದಿಲ್ಲ, ಇಲ್ಲೇ ಕೂತು ಓದಿ ಎಂದರು. ಮೇಡಂ ಮೊದಲು ತೆರೆದದ್ದು ನೂರ ಎಂಬತ್ತೆಂಟನೆಯ ಪುಟ. ಇಪ್ಪತ್ತನಾಲ್ಕು ವರ್ಷದ ಬದುಕು ಆ ಹಾಳೆಯ ಬೆನ್ನಿನ ಮೇಲಿತ್ತು.

ಅಲ್ಲಿ 'ಆದರೆ' ಎಂದೇ ಮೊದಲ ವಾಕ್ಯ ಶುರುವಾಗಿತ್ತು. ಆದರೆ, ಮುಚ್ಚುವ ವಿಭಾಗದ ಕೋಣೆಯನ್ನು ಪಡೆಯುವ ಕೋರ್ಸಿನಲ್ಲಿ ಮೂರರಲ್ಲಿ ಎರಡು ಪಾಲು ಅಧ್ಯಾಪಕರು ಕಾಯಂ ಇರಬೇಕು. ಅಲ್ಲಿಯವರೆಗೆ ಹಳೆಯ ವಿಭಾಗವನ್ನು ಮುಚ್ಚಕೂಡದು.

ಕಂಪ್ಯೂಟರ್ ವಿಭಾಗದಲ್ಲಿದ್ದವರು ಆರು ಜನ. ಕಾಯಂ ಎಂದರೆ ಚಂದ್ರಹಾಸ ಒಬ್ಬರೇ. ಉಳಿದ ಐವರು ತಾತ್ಕಾಲಿಕ. ಹೈಟೆಕ್ ಸಿಟಿಯಿಂದ ಫೋನು ಬಂದ ದಿನ ಹಾಜರಿ ಪುಸ್ತಕಕ್ಕೂ ಹೇಳದೆ ಹೋಗುವವರು. ಕಳೆದ ವರ್ಷ ಒಬ್ಬ ಹುಡುಗ ಬೋರ್ಡಿನ ಮೇಲೆ ಪ್ರೋಗ್ರಾಮು ಅರ್ಧ ಬರೆದು ಫೋನೆತ್ತಿಕೊಂಡು ಹೊರಗೆ ಹೋದವನು ಇಂದಿಗೂ ವಾಪಸು ಬಂದಿಲ್ಲ.

ಮೇಡಂ ಅಲ್ಲಿಗೇ ಪುಸ್ತಕ ಮುಚ್ಚಬಹುದಿತ್ತು. ಮನಸ್ಸು ಹಾಗೇ ಹೇಳಿತು ಕೂಡ. ಆದರೆ ತನಗೆ ಬೇಕಾದ ಎಲೆಯನ್ನಷ್ಟೇ ಮಗುಚಿ ನೋಡಿ ಎದ್ದು ಬಂದರೆ ನಾಳೆ ಹುಡುಗಿಯರಿಗೆ ಯಾವ ಬಾಯಿಂದ ಪಾಠ ಹೇಳುವುದು? ಅವರು ಎರಡನೆಯ ಪುಟದಿಂದ ಶುರು ಮಾಡಿದರು. ಅವತ್ತು ಮುಗಿಯಲಿಲ್ಲ, ಸೋಮವಾರ ರಜೆ ಹಾಕಿ ಮತ್ತೆ ಬಂದರು. ಇನ್ನೂರ ನಾಲ್ಕನೆಯ ಪುಟದಲ್ಲಿ ಅವರ ಮೇಲೆಯೇ ಕಲ್ಲು ಬಿತ್ತು. ಸಸ್ಯಶಾಸ್ತ್ರ ಕಲಿಸುವ ಕಾಲೇಜಿಗೆ ತನ್ನದೇ ಆದ ಪಾಠದ ತೋಟ ಇರಲೇಬೇಕು ಎಂದಿತ್ತು. ಕಾಲೇಜಿಗೆ ಒಂದು ಕಾಲದಲ್ಲಿ ತೋಟವಿತ್ತು. ಈಗ ಅಲ್ಲಿ ತಗಡಿನ ಚಪ್ಪರ ಹಾಕಿ ಸ್ಕೂಟರುಗಳನ್ನೂ ಉಪೇಂದ್ರರಾಯರ ಬಿಳಿ ಮಾರುತಿಯನ್ನೂ ನಿಲ್ಲಿಸುತ್ತಿದ್ದರು. ಮೇಡಂ ನಿಟ್ಟುಸಿರಿಟ್ಟು ಅದನ್ನೂ ಬರೆದುಕೊಂಡರು. ಹೊರಡುವಾಗ ಯಮುನಾಬಾಯಿ, ಈ ಪುಸ್ತಕವನ್ನು ಪೂರ್ತಿ ಓದಿದವರು ನೀವೊಬ್ಬರೇ, ನಾನು ಸಹ ಓದಿಲ್ಲ ಎಂದು ಒಪ್ಪಿಕೊಂಡರು.

ಟಿಪ್ಪಣಿ ಬರೆಯುವುದು ಓದಿದ್ದಕ್ಕಿಂತ ಕಷ್ಟವಾಯಿತು. ಮೊದಲ ಸಲ ನಾಲ್ಕು ಪುಟವಾಯಿತು. ವರದಿಯ ಇತಿಹಾಸ ಹೋಯಿತು, ತಜ್ಞರ ಹೆಸರು ಹೋದವು, ವಿಶೇಷಣಗಳೆಲ್ಲ ಹೋದವು. ಉಳಿದದ್ದು ಇಷ್ಟು. ಮೇಲೆ, ಸಮಿತಿ ತೀರ್ಮಾನಿಸಬೇಕಾದ ಪ್ರಶ್ನೆ, ಒಂದೇ ವಾಕ್ಯದಲ್ಲಿ. ಅದರ ಕೆಳಗೆ ಆಧಾರ: "ಹಂಚಲಾದ ಸ್ಕ್ಯಾನ್ ಪ್ರತಿಯಲ್ಲಿ ಬೆಸಸಂಖ್ಯೆಯ ಪುಟಗಳು ಮಾತ್ರ ಇವೆ, ಸಮಸಂಖ್ಯೆಯವನ್ನು ಮೂಲ ಪ್ರತಿಯಲ್ಲಿ ಓದಲಾಗಿದೆ." ನಂತರ ವರದಿ ಹೇಳುವ ಮೂರು ಮಾತು, ಪ್ರತಿಯೊಂದರ ಎದುರು ಪುಟ ಸಂಖ್ಯೆ: ನೂರ ಎಂಬತ್ತೇಳು, ನೂರ ಎಂಬತ್ತೆಂಟು, ಇನ್ನೂರ ನಾಲ್ಕು. ಬೇರೆಯಾಗಿ, ಇವು ವರದಿಯ ಮಾತಲ್ಲ ಎಂದು ಸ್ಪಷ್ಟಪಡಿಸಿ, ಕಾಲೇಜಿನ ದಾಖಲೆಯ ಅಂಕಿಗಳು. ವರದಿ ಏನು ಹೇಳಿಲ್ಲ ಎಂಬುದಕ್ಕೆ ಒಂದು ಸಾಲು: ಕಾಯಂ ನೇಮಕಕ್ಕೆ ಎಷ್ಟು ಕಾಲ ಕಾಯಬೇಕೆಂದು ಅದರಲ್ಲಿ ಇಲ್ಲ. ಕೊನೆಗೆ, ಸಮಿತಿಯ ಮುಂದಿರುವ ಮೂರು ದಾರಿಗಳು. ತನ್ನ ಅಭಿಪ್ರಾಯ ಎಲ್ಲೂ ಇಲ್ಲ. ನಾಲ್ಕು ಸಾಲು ಹೆಚ್ಚಾದಾಗ ಟೈಪ್ ಮಾಡುವವನು ಅಕ್ಷರ ಸಣ್ಣದು ಮಾಡೋಣವೆಂದ. ಅದು ಎರಡು ಪುಟವನ್ನು ಒಂದರಲ್ಲಿ ಬಚ್ಚಿಟ್ಟಂತೆ ಎಂದು ಮೇಡಂ ಒಪ್ಪದೆ, ನಾಲ್ಕು ಸಾಲು ಹೊಡೆದುಹಾಕಿದರು.

ಮಂಗಳವಾರ ಬೆಳಿಗ್ಗೆ ಪ್ರಿನ್ಸಿಪಾಲರಿಗೆ ಕೊಟ್ಟರು. ಉಪೇಂದ್ರರಾಯರು ಹಾಳೆಯನ್ನು ಮಗುಚಿ ನೋಡಿದರು. ಹಿಂದೆ ಖಾಲಿ.

"ಒಂದs ಪುಟ. ಶಭಾಷ್," ಎಂದು ಅದನ್ನು ಫೈಲಿಗೆ ಸೇರಿಸಿದರು.

ಆ ವಾರದಲ್ಲಿ ಆ ಕಾಲೇಜಿನಲ್ಲಿ ಯಾರಾದರೂ ಮಗುಚಿ ನೋಡಿದ ಹಾಳೆ ಅದೊಂದೇ. ಸಂಜೆಯೊಳಗೆ ಸಮಿತಿಯ ಎಲ್ಲರ ಕೈಗೂ ಪ್ರತಿ ತಲುಪಿತು. ಮೇಡಂ ಮನೆಗೆ ಹೋಗಿ ನಿಶ್ಚಿಂತೆಯಿಂದ ಜೋಳದ ರೊಟ್ಟಿ ಬಡಿದರು. ಬರೆದು ಕೊಡುವುದು ತನ್ನ ಕೆಲಸ, ಓದಿಸುವುದಲ್ಲ.

ಬುಧವಾರ ಸಭೆಗೆ ಚಂದ್ರಹಾಸ ಪ್ರೊಜೆಕ್ಟರ್ ತಂದಿದ್ದರು. ಸಿದ್ದರಾಮಪ್ಪನವರು ಕುರ್ಚಿಯಲ್ಲಿ ಕಾಲು ಮಡಿಸಿ ಕೂತು, ಎಲ್ಲರೂ ವರದಿ ಓದಿದ್ದೀರೇನೆಂದು ಮೊದಲು ವಿಚಾರಿಸಿದರು. ಓದಿದ್ದೇವೆ ಎಂದು ಎಲ್ಲರೂ ಹೇಳಿದರು. ಪೂರ್ತಿಯೇ? ಪೂರ್ತಿ. ತಾವೂ ಎರಡು ದಿನ ಕೂತು ಓದಿದ್ದಾಗಿ ಸಿದ್ದರಾಮಪ್ಪನವರೂ ಹೇಳಿಕೊಂಡರು. ಮೇಡಂ ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತ ಕೂತಿದ್ದರು. ಚಂದ್ರಹಾಸ ಎದ್ದು ನೂರ ಎಂಬತ್ತೇಳನೆಯ ಪುಟವನ್ನು ಗೋಡೆಯ ತುಂಬ ಬೆಳಗಿಸಿ, ಮುಚ್ಚಬೇಕು ಎಂಬ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಪ್ರಿನ್ಸಿಪಾಲರು ದುಃಖದಿಂದೆಂಬಂತೆ ತಲೆ ತಗ್ಗಿಸಿದರು.

"ಮೇಡಂ, ಏನರ ಹೇಳೂದೈತೇನ್ರಿ?" ಎಂದರು ಸಿದ್ದರಾಮಪ್ಪನವರು.

"ಭಾಳ ಇಲ್ರಿ. ಮುಂದಿನ ಪುಟ ಒಂದೀಟು ತೋರಿಸಲಿಕ್ಕೆ ಹೇಳ್ರಿ."

ಚಂದ್ರಹಾಸ ಗುಂಡಿ ಒತ್ತಿದರು. ಗೋಡೆಯ ಮೇಲೆ ನೂರ ಎಂಬತ್ತೊಂಬತ್ತು ಬಂತು. ಹಿಂದಕ್ಕೆ ಒತ್ತಿದರು, ನೂರ ಎಂಬತ್ತೇಳು. ಮುಂದಕ್ಕೆ ಒತ್ತಿದರು, ನೂರ ಎಂಬತ್ತೊಂಬತ್ತು. ಇಲಿಯಂಥ ಆ ಪುಟ್ಟ ಸಾಧನವನ್ನು ಮೇಜಿಗೆ ಕುಟ್ಟಿ ಮತ್ತೆ ಒತ್ತಿದರು. ಹೀಗೆ ಅವೆರಡು ಪುಟಗಳು ಗೋಡೆಯ ಮೇಲೆ ಲೋಲಕದಂತೆ ತೂಗಾಡಿದವು. ಮೇಡಂ ಮೆಲ್ಲಗೆ, ಮೊದಲಿನಿಂದಲೇ ನೋಡಿದರೆ ಸಿಗಬಹುದೇನೋ ಎಂದು ಸಲಹೆ ಕೊಟ್ಟರು. ಒಂದು, ಮೂರು, ಐದು, ಏಳು. ಏಳರ ಹೊತ್ತಿಗೆ ಚಂದ್ರಹಾಸರ ಕಿವಿ ಕೆಂಪಾಗಿತ್ತು. ಹನ್ನೊಂದರ ಹೊತ್ತಿಗೆ ಅಹಲ್ಯಾ ಕಿಟಕಿಯ ಹೊರಗೆ ಏನನ್ನೋ ಆಸಕ್ತಿಯಿಂದ ನೋಡತೊಡಗಿದ್ದರು.

"ಅಯ್ಯೋ ಮಾರಾಯ್ರೆ," ಎಂದರು ಚಂದ್ರಹಾಸ, ಯಾರಿಗೂ ಅಲ್ಲ. "ನಾನು ಮಗುಚಿ ಹಾಕ್ಲೇ ಇಲ್ಲ."

ಟಿಪ್ಪಣಿಯ ಎರಡನೆಯ ಸಾಲು ನೋಡಬೇಕೆಂದು ಮೇಡಂ ವಿನಂತಿಸಿದರು. ಹಾಳೆಗಳು ಒಟ್ಟಿಗೆ ಸರಸರ ಸದ್ದು ಮಾಡಿದವು. ಆಮೇಲೆ ಅವರೇ ಎದ್ದು ಇಡೀ ಪುಟವನ್ನು, ತೋಟ ಇಲ್ಲದ್ದನ್ನೂ ಸೇರಿಸಿ, ಪಾಠ ಒಪ್ಪಿಸುವ ಹುಡುಗಿಯಂತೆ ಓದಿದರು. ತೋಟದ ಸಾಲು ಬಂದಾಗ ಸಿದ್ದರಾಮಪ್ಪನವರು ತಲೆಯೆತ್ತಿದರು.

"ಇದು ನಿಮಗs ಉಲ್ಟಾ ಆಗೂ ಮಾತಲ್ಲೇನ್ರಿ? ಯಾಕ ಬರದೀರಿ?"

"ವರದಿಯೊಳಗ ಐತಲ್ರಿ."

ಸಿದ್ದರಾಮಪ್ಪನವರು ಬೇಳೆಯ ಮೂಟೆಯ ನಡುವಿಗೆ ಕೊಳವೆ ಚುಚ್ಚಿ ಮಾದರಿ ನೋಡುವ ಮನುಷ್ಯ. ಮೂಟೆಯ ಬಾಯಲ್ಲಿರುವುದನ್ನೇ ನಂಬಿ ಕೊಂಡವರ ಗತಿ ಏನೆಂದು ಅವರಿಗೆ ಗೊತ್ತಿತ್ತು. ಟಿಪ್ಪಣಿಯನ್ನು ಮೇಜಿನ ಮೇಲಿಟ್ಟು ತೀರ್ಪು ಕೊಟ್ಟರು. ಕಂಪ್ಯೂಟರ್ ವಿಭಾಗದಲ್ಲಿ ನಾಲ್ವರು ಕಾಯಂ ಆಗುವವರೆಗೆ ಸಸ್ಯಶಾಸ್ತ್ರದ ಕೋಣೆಯನ್ನು ಯಾರೂ ಮುಟ್ಟಕೂಡದು. ಅಷ್ಟರಲ್ಲಿ ಮೇಡಂ ತೋಟ ಮಾಡಬೇಕು. ಜಾಗ? ಚಪ್ಪರ ಕೀಳಿಸಿದರಾಯಿತು. ಉಪೇಂದ್ರರಾಯರು ಬಾಯಿ ತೆರೆದರು. ತಮ್ಮ ಕಾರಿನ ವಿಷಯ ವರದಿಯ ಯಾವ ಪುಟದಲ್ಲೂ ಇಲ್ಲವೆಂದು ನೆನಪಾಗಿ ಮುಚ್ಚಿಕೊಂಡರು.

ನಾಲ್ವರು ಕಾಯಂ ಆಗಲು ಏಳು ವರ್ಷ ಹಿಡಿಯಿತು. ನೇಮಕವಾದವರು ನಿಲ್ಲಬೇಕಲ್ಲ. ಅಷ್ಟರಲ್ಲಿ ಮೇಡಂ ವಿಭಾಗ ಜೀವತಂತ್ರಜ್ಞಾನ ಎಂಬ ಹೊಸ ಹೆಸರು ಹೊದ್ದುಕೊಂಡಿತು, ಹುಡುಗಿಯರು ನಲವತ್ತಾದರು, ಕೋಣೆ ಉಳಿಯಿತು. ಬಿಳಿ ಮಾರುತಿ ನಿಲ್ಲುತ್ತಿದ್ದ ಕಡೆ ತಂಗಡಿ ಪೊದೆಯಾಗಿ ಬೆಳೆದು, ತೆಲಂಗಾಣದ ಹೂವಿನ ಹಬ್ಬ ಬತುಕಮ್ಮಕ್ಕೆ ಓಣಿಯ ಹೆಂಗಸರೆಲ್ಲ ಹೂ ಕೇಳಲು ಬರುವಂತಾಯಿತು. ಚಂದ್ರಹಾಸ ಒಂದು ಬೇಸಿಗೆ ರಜೆಯಲ್ಲಿ ತಾನಾಗಿ ಬಂದು, ಮೇಡಂ ಅಂಟಿಸಿಟ್ಟ ಗಿಡದ ಹಾಳೆಗಳನ್ನೆಲ್ಲ ಚಪ್ಪಟೆ ಗಾಜಿನ ಮೇಲೆ ಒಂದೊಂದಾಗಿ ಇಟ್ಟು ಸ್ಕ್ಯಾನ್ ಮಾಡಿಕೊಟ್ಟರು. ಪ್ರತಿ ಹಾಳೆ ಮುಗಿದಾಗಲೂ, ಹಿಂದೆ ಎಂತದಾದರೂ ಉಂಟಾ ಮೇಡಂ ಎಂದು ಕೇಳುತ್ತಿದ್ದರು. ಹಿಂದೆ ಏನೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮೇಡಂ ನಿವೃತ್ತರಾದ ದಿನ ಭಾಷಣ ಮಾಡಿದವರು ಅನೇಕರು. ಆದರೆ ಕಾಲೇಜಿನಲ್ಲಿ ಇವತ್ತಿಗೂ ಚಹಾದ ಹೊತ್ತಿಗೆ ಹೇಳಿಕೊಂಡು ನಗುವುದು ಆ ಬುಧವಾರದ ಕೊನೆಯ ಮಾತನ್ನೇ. ಎಲ್ಲರೂ ಎದ್ದು ಹೊರಟಿದ್ದರು. ಸಿದ್ದರಾಮಪ್ಪನವರು ಮಾತ್ರ ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ, ಹಿಂತಿರುಗಿ ನೋಡದೆ ಕೇಳಿದರು.

"ಅಲ್ರಿ ಮೇಡಂ, ನಾವೆಲ್ಲಾ ಪೂರ್ತಿ ಓದೀವಿ ಅಂದ್ವಲ್ಲ, ಅದರಾಗ ಇರಲಾರದ ಪುಟ ಒಟ್ಟು ಎಷ್ಟು?"

ಮೇಡಂ ಟಿಪ್ಪಣಿಯನ್ನು ಮಡಿಸಿ ಕೈಚೀಲಕ್ಕಿಟ್ಟು, ಚೀಲದ ಬಾಯಿ ಮುಚ್ಚಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ನೂರ ಐವತ್ತಾರ್ರಿ."